ಆರೋಗ್ಯ ಚಿಂತನ: ಒಳಗಿನ ಕಾವಲು ಮತ್ತು ಅದರ ಬ್ರೇಕು

ಹಾವೇರಿ ಜಿಲ್ಲೆಯ ಓದುಗರೊಬ್ಬರು ನಮಗೆ ದೀರ್ಘ ಪತ್ರವೊಂದನ್ನು ಬರೆದಿದ್ದಾರೆ. ಅವರ ತೀರ್ಥರೂಪರಿಗೆ ಬಾಯಿಯ ಕ್ಯಾನ್ಸರ್. ಶಸ್ತ್ರಕ್ರಿಯೆಯಾಗಿ, ವಿಕಿರಣ ಚಿಕಿತ್ಸೆಯೂ ಮುಗಿದ ಮೇಲೆ ಈಗ ರೋಗವು ಕತ್ತಿನ ಭಾಗದಲ್ಲಿ ಮರುಕಳಿಸಿದೆ. ವೈದ್ಯರು ಹೊಸದೊಂದು ಚುಚ್ಚುಮದ್ದನ್ನು ಸೂಚಿಸಿ, “ಇದು ಕ್ಯಾನ್ಸರನ್ನು ಕೊಲ್ಲುವ ಔಷಧವಲ್ಲ, ನಿಮ್ಮ ದೇಹದ ಬ್ರೇಕನ್ನು ಸಡಿಲಿಸುವ ಔಷಧ” ಎಂದರಂತೆ. “ಕ್ಯಾನ್ಸರನ್ನು ಕೊಲ್ಲದ ಔಷಧಕ್ಕೆ ಲಕ್ಷಗಟ್ಟಲೆ ಹಣವೇಕೆ? ಬ್ರೇಕು ಸಡಿಲಿಸುವುದೆಂದರೇನು? ಎರಡೆಕರೆ ಹೊಲ ಮಾರಿ ಇದನ್ನು ಕೊಡಿಸುವುದು ಸರಿಯೇ?” ಎಂಬುದು ಅವರ ಪ್ರಶ್ನೆ. ಹೊಲದ ವಿಚಾರವನ್ನು ನಾವು ತೀರ್ಮಾನಿಸಲಾರೆವು. ಆದರೆ ಆ ವೈದ್ಯರು ಆಡಿದ ಮಾತು ಅಕ್ಷರಶಃ ಸತ್ಯವಾದುದು. ಅದರ ಅರ್ಥ ತಿಳಿದರೆ ಮನೆಯವರು ವೈದ್ಯರಲ್ಲಿ ಏನನ್ನು ಕೇಳಬೇಕೆಂಬುದೂ ತಿಳಿಯುತ್ತದೆ. ಆದುದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ನಮ್ಮ ದೇಹದಲ್ಲಿ ಪ್ರತಿದಿನವೂ ಅಸಂಖ್ಯ ಜೀವಕೋಶಗಳು ಒಡೆದು ಎರಡಾಗುತ್ತಿರುತ್ತವೆ. ಹಾಗೆ ಒಡೆಯುವಾಗ ವಂಶವಾಹಿಗಳ ನಕಲಿನಲ್ಲಿ ತಪ್ಪುಗಳು ನುಸುಳುವುದು ಅನಿವಾರ್ಯ. ತಪ್ಪು ನುಸುಳಿದ ಕೋಶಗಳೆಲ್ಲವೂ ಕ್ಯಾನ್ಸರಾಗದಿರಲು ಕಾರಣವೇನು? ರೋಗಾಣುಗಳನ್ನು ಎದುರಿಸುವ ವ್ಯವಸ್ಥೆಯೇ ಇಂಥ ಕೆಟ್ಟ ಕೋಶಗಳನ್ನೂ ಹುಡುಕಿ ಅಳಿಸುತ್ತಿರಬೇಕೆಂದು ಜರ್ಮನಿಯ ಪಾಲ್ ಎರ್ಲಿಖ್ 1909ರಲ್ಲಿಯೇ ಊಹಿಸಿದ್ದರು. 1950ರ ದಶಕದಲ್ಲಿ ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ಮತ್ತು ಅಮೆರಿಕದ ಲೂಯಿಸ್ ಥಾಮಸ್ ಆ ಊಹೆಗೆ ಸ್ಪಷ್ಟ ರೂಪ ಕೊಟ್ಟರು. ದೇಹದೊಳಗೆ ಒಂದು ಕಾವಲು ಸದಾ ಸುತ್ತುತ್ತಿದೆ ಎಂಬುದು ಅವರ ಮತ.

ಆದರೆ ಇದನ್ನು ಸಾಧಿಸಿ ತೋರಿಸುವುದು ಸುಲಭವಾಗಿರಲಿಲ್ಲ. 1974ರಲ್ಲಿ ಓಸಿಯಾಸ್ ಸ್ಟಟ್‌ಮನ್ ಎಂಬ ವಿಜ್ಞಾನಿ ಥೈಮಸ್ ಗ್ರಂಥಿಯೇ ಇಲ್ಲದ ಬೋಳು ಇಲಿಗಳಿಗೆ ಕ್ಯಾನ್ಸರ್ ತರುವ ರಾಸಾಯನಿಕವನ್ನು ಚುಚ್ಚಿ ನೋಡಿದರು. ಥೈಮಸ್ ಇಲ್ಲದಿದ್ದರೆ ಕಾವಲಿನ ಮುಖ್ಯ ಕೋಶಗಳಾದ ಟಿ ಕೋಶಗಳು ಪಕ್ವವಾಗುವುದಿಲ್ಲ. ಆದುದರಿಂದ ಇವುಗಳಿಗೆ ಗಡ್ಡೆ ಹೆಚ್ಚು ಬರಬೇಕಿತ್ತು. ಹಾಗಾಗಲಿಲ್ಲ. ಸಾಮಾನ್ಯ ಇಲಿಗಳಿಗೆ ಬಂದಷ್ಟೇ ಬಂದಿತು. ಈ ಒಂದು ಪ್ರಯೋಗದಿಂದ ಕಾವಲಿನ ಸಿದ್ಧಾಂತವು ಸುಮಾರು ಕಾಲು ಶತಮಾನ ಮೂಲೆಗುಂಪಾಯಿತು. ಆ ಬೋಳು ಇಲಿಗಳಲ್ಲಿಯೂ ಅಲ್ಪಸ್ವಲ್ಪ ಟಿ ಕೋಶಗಳು ಉಳಿದಿರುತ್ತವೆ, ಬೇರೆ ಬಗೆಯ ಕೊಲ್ಲುವ ಕೋಶಗಳೂ ಇರುತ್ತವೆ ಎಂಬುದು ಆಮೇಲೆ ತಿಳಿದ ಸಂಗತಿ.

2001ರಲ್ಲಿ ಅಮೆರಿಕದ ರಾಬರ್ಟ್ ಶ್ರೈಬರ್ ಮತ್ತು ಲಾಯ್ಡ್ ಓಲ್ಡ್ ಅವರ ತಂಡವು ಈ ಲೋಪವನ್ನು ಸರಿಪಡಿಸಿತು. ಟಿ ಕೋಶಗಳಾಗಲಿ ಪ್ರತಿಕಾಯ ತಯಾರಿಸುವ ಬಿ ಕೋಶಗಳಾಗಲಿ ಲವಲೇಶವೂ ಇರದಂತೆ ವಂಶವಾಹಿಯನ್ನೇ ತೆಗೆದುಹಾಕಿದ ಇಲಿಗಳನ್ನು ಅವರು ಬಳಸಿದರು. ಅವುಗಳಿಗೆ ಗಡ್ಡೆಗಳು ನಿಜವಾಗಿಯೂ ಹೆಚ್ಚು ಬಂದವು. ಅದಕ್ಕಿಂತ ನಮ್ಮ ಗಮನ ಸೆಳೆಯುವುದು ಅವರ ಮುಂದಿನ ಹೆಜ್ಜೆ. ಕಾವಲಿಲ್ಲದ ಇಲಿಯಲ್ಲಿ ಬೆಳೆದ ಗಡ್ಡೆಗಳನ್ನು ಆರೋಗ್ಯವಂತ ಇಲಿಗಳಿಗೆ ನಾಟಿ ಮಾಡಿದಾಗ, ನೂರರಲ್ಲಿ ಸುಮಾರು 40 ಗಡ್ಡೆಗಳನ್ನು ಆ ಇಲಿಗಳ ಕಾವಲು ಅಳಿಸಿಹಾಕಿತು. ಕಾವಲಿರುವ ಇಲಿಯಲ್ಲಿ ಬೆಳೆದ ಗಡ್ಡೆಗಳನ್ನು ಅದೇ ರೀತಿ ನಾಟಿ ಮಾಡಿದಾಗ ಒಂದೂ ಅಳಿಯಲಿಲ್ಲ, ಎಲ್ಲವೂ ಬೆಳೆದವು. ಇದರ ಅರ್ಥವೇನು? ಪೊಲೀಸರೇ ಇಲ್ಲದ ಊರಿನ ಕಳ್ಳ ಹೊಸ ಊರಿಗೆ ಬಂದೊಡನೆ ಸಿಕ್ಕಿಬೀಳುತ್ತಾನೆ. ಪೊಲೀಸರ ಕಣ್ಣು ತಪ್ಪಿಸುತ್ತಲೇ ಬೆಳೆದ ಕಳ್ಳ ಎಲ್ಲಿ ಹೋದರೂ ಸಿಗುವುದಿಲ್ಲ. ವೈದ್ಯರ ಕೈಗೆ ಬರುವ ಕ್ಯಾನ್ಸರೆಲ್ಲವೂ ಈ ಎರಡನೆಯ ಜಾತಿಯದು. ಕಾವಲು ಅದನ್ನು ವರ್ಷಗಟ್ಟಲೆ ಅಟ್ಟಿದೆ, ಅದು ತಪ್ಪಿಸಿಕೊಳ್ಳಲು ಕಲಿತಿದೆ.

ಮನುಷ್ಯರಲ್ಲಿಯೂ ಈ ಕಾವಲಿಗೆ ಸಾಕ್ಷ್ಯವುಂಟು. 2003ರಲ್ಲಿ ಸ್ಕಾಟ್ಲೆಂಡಿನ ವೈದ್ಯರು ವರದಿ ಮಾಡಿದ ಪ್ರಸಂಗವೊಂದು ಎದೆ ನಡುಗಿಸುವಂಥದು. ಒಬ್ಬ ದಾನಿಯ ಎರಡು ಮೂತ್ರಪಿಂಡಗಳನ್ನು ಇಬ್ಬರು ರೋಗಿಗಳಿಗೆ ಕಸಿ ಮಾಡಲಾಗಿತ್ತು. ಕಸಿಯಾದ ಅಂಗವನ್ನು ದೇಹವು ತಿರಸ್ಕರಿಸದಿರಲೆಂದು ನಿರೋಧಶಕ್ತಿಯನ್ನು ಕುಗ್ಗಿಸುವ ಔಷಧಗಳನ್ನು ಕೊಡುವುದು ವಾಡಿಕೆ. ಕೆಲಕಾಲದ ನಂತರ ಇಬ್ಬರಲ್ಲಿಯೂ ಮೆಲನೋಮ ಎಂಬ ಚರ್ಮದ ಕ್ಯಾನ್ಸರು ಕಾಣಿಸಿಕೊಂಡಿತು. ಒಬ್ಬರು ಅದರಿಂದಲೇ ತೀರಿಕೊಂಡರು. ವಿಚಾರಿಸಿ ನೋಡಿದರೆ, ದಾನಿಗೆ 16 ವರ್ಷಗಳ ಹಿಂದೆ ಮೆಲನೋಮಕ್ಕೆ ಶಸ್ತ್ರಕ್ರಿಯೆಯಾಗಿ ಪೂರ್ಣ ಗುಣವಾಗಿದೆಯೆಂದೇ ಎಲ್ಲರೂ ಭಾವಿಸಿದ್ದರು. ರೋಗ ಹೋಗಿರಲಿಲ್ಲ, ದಾನಿಯ ಕಾವಲು ಅದನ್ನು ಹದಿನಾರು ವರ್ಷ ಸದ್ದಿಲ್ಲದೆ ಹಿಡಿದಿಟ್ಟಿತ್ತು. ಕಾವಲು ಕುಗ್ಗಿದ ದೇಹಗಳನ್ನು ಸೇರಿದೊಡನೆ ಅದು ಎಚ್ಚೆತ್ತಿತು.

ಇನ್ನು ಬ್ರೇಕಿನ ವಿಚಾರಕ್ಕೆ ಬರೋಣ. ದೇಹದ ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಹೊರಮೈ ಮೇಲೆ ಪ್ರದರ್ಶಿಸುತ್ತಿರುತ್ತದೆ. ಅಂಗಡಿಯವನು ಮುಂಗಟ್ಟಿನಲ್ಲಿ ಸರಕನ್ನು ತೂಗುಹಾಕಿದಂತೆ. ಟಿ ಕೋಶಗಳು ಸುತ್ತುತ್ತ ಈ ಚೂರುಗಳನ್ನು ಮುಟ್ಟಿ ನೋಡುತ್ತವೆ. ಪರಿಚಿತವಾದ ಚೂರಾದರೆ ಮುಂದೆ ಸಾಗುತ್ತವೆ. ಅಪರಿಚಿತವಾದ ಚೂರೊಂದು ತನ್ನ ಕೊಂಡಿಗೆ ಸರಿಯಾಗಿ ಸಿಕ್ಕಿದರೆ ಟಿ ಕೋಶವು ನಿಲ್ಲುತ್ತದೆ. ಇದು ಮೋಟಾರಿಗೆ ಕೀಲಿಕೈ ತಿರುಗಿಸಿದಂತೆ. ಆದರೆ ಕೀಲಿಕೈ ತಿರುಗಿಸಿದ ಮಾತ್ರಕ್ಕೆ ಗಾಡಿ ಓಡುವುದಿಲ್ಲ. ಟಿ ಕೋಶದ ಮೈಮೇಲಿರುವ ಸಿಡಿ28 ಎಂಬ ಇನ್ನೊಂದು ಕೊಂಡಿಗೆ, ಎಚ್ಚರಿಕೆ ಸಾರುವ ಕೋಶಗಳ ಮೇಲಿರುವ ಬಿ7 ಎಂಬ ಅಣು ತಗಲಬೇಕು. ಇದು ವೇಗವರ್ಧಕ ಒತ್ತಿದಂತೆ. ಎರಡೂ ಆದಾಗ ಆ ಟಿ ಕೋಶವು ಒಂದಕ್ಕೆ ಸಾವಿರಗಳಾಗಿ ಬೆಳೆದು ದಾಳಿಗೆ ಹೊರಡುತ್ತದೆ.

ಹೀಗೆ ಹೊರಟ ಸೇನೆಯನ್ನು ನಿಲ್ಲಿಸುವವರಾರು? ದಾಳಿ ಆರಂಭವಾಗಿ ಎರಡು ಮೂರು ದಿನಗಳಲ್ಲಿ ಟಿ ಕೋಶವು ತಾನಾಗಿಯೇ ಇನ್ನೊಂದು ಕೊಂಡಿಯನ್ನು ಹೊರಮೈಗೆ ತರುತ್ತದೆ. ಇದರ ಹೆಸರು ಸಿಟಿಎಲ್‌ಎ-4. ಇದೂ ಅದೇ ಬಿ7 ಅಣುವನ್ನೇ ಹಿಡಿಯುತ್ತದೆ. ಆದರೆ ಸಿಡಿ28ಕ್ಕಿಂತ ಬಹಳ ಬಿಗಿಯಾಗಿ. ಪರಿಣಾಮವಾಗಿ ವೇಗವರ್ಧಕಕ್ಕೆ ಬಿ7 ಸಿಗದಂತಾಗುತ್ತದೆ, ಗಾಡಿ ನಿಧಾನಿಸುತ್ತದೆ. ಒಂದೇ ಅಣು, ಮೊದಲು ಓಡಿಸಲು, ಆಮೇಲೆ ನಿಲ್ಲಿಸಲು. ದೇಹದ ಈ ಮಿತವ್ಯಯವನ್ನು ಕಂಡು ನಾವು ತಲೆದೂಗದಿರಲಾರೆವು.

1987ರಲ್ಲಿ ಫ್ರಾನ್ಸಿನಲ್ಲಿ ಪತ್ತೆಯಾದ ಈ ಅಣುವು ಬ್ರೇಕೋ ಮತ್ತೊಂದು ವೇಗವರ್ಧಕವೋ ಎಂಬ ಬಗ್ಗೆ ಕೆಲವು ವರ್ಷ ವಾದ ನಡೆಯಿತು. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿದ್ದ ಜೇಮ್ಸ್ ಆಲಿಸನ್ ಅವರ ಪ್ರಯೋಗಾಲಯವೂ, ಜೆಫ್ರಿ ಬ್ಲೂಸ್ಟೋನ್ ಅವರ ಪ್ರಯೋಗಾಲಯವೂ ಇದು ಬ್ರೇಕೇ ಎಂದು ಬೇರೆಬೇರೆಯಾಗಿ ತೋರಿಸಿದವು. ಬ್ರೇಕೆಂದು ತಿಳಿದ ಮೇಲೆ ಬಹುಮಂದಿಗೆ ಹೊಳೆದ ಉಪಯೋಗವೆಂದರೆ, ಕಸಿಯಾದ ಅಂಗದ ಮೇಲೆ ಆಗುವ ದಾಳಿಯನ್ನು ತಡೆಯಲು ಬ್ರೇಕನ್ನು ಒತ್ತುವುದು. ಆಲಿಸನ್ನರಿಗೆ ಹೊಳೆದದ್ದು ಇದಕ್ಕೆ ತದ್ವಿರುದ್ಧ. ಎಳೆವಯಸ್ಸಿನಲ್ಲಿಯೇ ತಾಯಿಯನ್ನು ಕ್ಯಾನ್ಸರಿನಿಂದ ಕಳೆದುಕೊಂಡಿದ್ದ ಅವರು, ಬ್ರೇಕನ್ನು ಕಟ್ಟಿಹಾಕಿದರೆ ಟಿ ಕೋಶಗಳು ಕ್ಯಾನ್ಸರನ್ನು ತಿಂದುಹಾಕಬಾರದೇಕೆ ಎಂದು ಯೋಚಿಸಿದರು.

1994ರ ಕೊನೆಯಲ್ಲಿ ಅವರ ಸಹಾಯಕ ಡೇನಾ ಲೀಚ್ ಇಲಿಗಳಿಗೆ ಕ್ಯಾನ್ಸರ್ ಕೋಶಗಳನ್ನು ಚುಚ್ಚಿ, ಒಂದು ಗುಂಪಿಗೆ ಸಿಟಿಎಲ್‌ಎ-4 ಅನ್ನು ಮುಚ್ಚಿಬಿಡುವ ಪ್ರತಿಕಾಯವನ್ನು ಕೊಟ್ಟರು. ಪ್ರತಿಕಾಯ ಪಡೆದ ಇಲಿಗಳ ಗಡ್ಡೆಗಳು ಮಾಯವಾದವು, ಉಳಿದವು ಸತ್ತವು. ಫಲಿತಾಂಶವು ನಂಬಲಾಗದಷ್ಟು ಚೆನ್ನಾಗಿದ್ದುದರಿಂದ ಆಲಿಸನ್ ಕೂಡಲೇ ಮರುಪ್ರಯೋಗಕ್ಕೆ ಹೇಳಿದರು. ಆಗ ಕ್ರಿಸ್‌ಮಸ್ ರಜೆ. ಲೀಚ್ ಯೂರೋಪಿಗೆ ಹೊರಟಿದ್ದರು. ಯಾವ ಪಂಜರಕ್ಕೆ ಯಾವ ಚುಚ್ಚುಮದ್ದು ಹೋಗಿದೆಯೆಂದು ತಿಳಿಯದಂತೆ ಗುರುತು ಮಾಡಿಸಿ, ಗಡ್ಡೆ ಅಳೆಯುವ ಕೆಲಸವನ್ನು ಆಲಿಸನ್ ತಾವೇ ವಹಿಸಿಕೊಂಡರು. ಮೊದಮೊದಲು ಎಲ್ಲ ಪಂಜರಗಳಲ್ಲಿಯೂ ಗಡ್ಡೆ ಬೆಳೆಯುತ್ತಲೇ ಹೋಯಿತು. ಪ್ರಯೋಗ ಕೆಟ್ಟಿತೆಂದು ಅವರು ಕಂಗೆಟ್ಟರು. ಆನಂತರ ಒಂದು ಗುಂಪಿನ ಗಡ್ಡೆಗಳ ಬೆಳವಣಿಗೆ ನಿಂತು, ಅವು ಕುಗ್ಗತೊಡಗಿದವು. ಈ ಸಂಶೋಧನೆ 1996ರಲ್ಲಿ ಪ್ರಕಟವಾಯಿತು.

ಗಡ್ಡೆ ಮೊದಲು ಬೆಳೆದು ಆಮೇಲೆ ಕುಗ್ಗಿದ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ವಿಷಪೂರಿತ ಔಷಧವು ಕೋಶವನ್ನು ನೇರವಾಗಿ ಕೊಲ್ಲುತ್ತದೆ, ಆದುದರಿಂದ ಬೇಗ ಕಾಣುತ್ತದೆ. ಇಲ್ಲಿ ಔಷಧವು ಕ್ಯಾನ್ಸರ್ ಕೋಶವನ್ನು ಮುಟ್ಟುವುದೇ ಇಲ್ಲ. ಅದು ಟಿ ಕೋಶವನ್ನು ಬಿಡುಗಡೆ ಮಾಡುತ್ತದೆ. ಟಿ ಕೋಶಗಳು ಸಂಖ್ಯೆಯಲ್ಲಿ ಬೆಳೆಯಬೇಕು, ಗಡ್ಡೆಯೊಳಗೆ ಹೋಗಬೇಕು, ಕೊಲ್ಲಬೇಕು. ಒಳಹೊಕ್ಕ ಟಿ ಕೋಶಗಳಿಂದ ಊದಿಕೊಂಡು ಗಡ್ಡೆಯು ಚಿತ್ರದಲ್ಲಿ ದೊಡ್ಡದಾಗಿ ಕಾಣುವುದೂ ಕೆಲವೊಮ್ಮೆ ಉಂಟು. ಹಾಗೆಂದು ಬೆಳೆದ ಗಡ್ಡೆಯೆಲ್ಲ ಊತವೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ, ಬಹುಪಾಲು ಪ್ರಸಂಗಗಳಲ್ಲಿ ಬೆಳವಣಿಗೆಯು ನಿಜವಾದ ಬೆಳವಣಿಗೆಯೇ. ರೋಗಿಯ ನೋವು, ಹಸಿವು, ತೂಕ ಇವು ಸುಧಾರಿಸುತ್ತಿವೆಯೇ ಎಂಬುದನ್ನು ನೋಡಿ, ಕೆಲವು ವಾರಗಳ ನಂತರ ಮತ್ತೊಮ್ಮೆ ಚಿತ್ರ ತೆಗೆಸಿ ವೈದ್ಯರು ನಿರ್ಧರಿಸುತ್ತಾರೆ.

ಇಲಿಗಳಿಂದ ಮನುಷ್ಯರಿಗೆ ಬರಲು 15 ವರ್ಷ ಹಿಡಿಯಿತು. ಇಪಿಲಿಮುಮ್ಯಾಬ್ ಎಂಬ ಈ ಪ್ರತಿಕಾಯದ ದೊಡ್ಡ ಪರೀಕ್ಷೆ 2010ರಲ್ಲಿ ಪ್ರಕಟವಾಗಿ, 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ದೇಹದೆಲ್ಲೆಡೆ ಹರಡಿದ ಮೆಲನೋಮದ ರೋಗಿಗಳಲ್ಲಿ ಅರ್ಧದಷ್ಟು ಜನ ಬದುಕಿದ್ದ ಅವಧಿ ಆರೂವರೆ ತಿಂಗಳಿನಿಂದ ಹತ್ತು ತಿಂಗಳಿಗೆ ಏರಿತು. ಇಷ್ಟೇ ಆಗಿದ್ದರೆ ಹೇಳಿಕೊಳ್ಳುವಂಥದೇನೂ ಇರಲಿಲ್ಲ. ವಿಶೇಷವೆಂದರೆ, ಈ ಔಷಧ ಪಡೆದವರನ್ನು ಮುಂದೆ ಹಲವು ವರ್ಷ ಅನುಸರಿಸಿದಾಗ, ಐವರಲ್ಲಿ ಒಬ್ಬರು ಮೂರು ವರ್ಷ ದಾಟಿದರು. ಮೂರು ವರ್ಷ ದಾಟಿದವರಲ್ಲಿ ಬಹುಪಾಲು ಜನ ಹತ್ತು ವರ್ಷದ ನಂತರವೂ ಇದ್ದರು. ಮಿಕ್ಕ ನಾಲ್ವರಿಗೆ ಆ ಭಾಗ್ಯವಿರಲಿಲ್ಲ. ಈ ಚಿಕಿತ್ಸೆಯ ಸ್ವಭಾವವೇ ಹೀಗೆ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಒಳಿತು ಹಂಚುವುದಿಲ್ಲ, ಕೆಲವರಿಗೆ ಬಹಳ ಕೊಡುತ್ತದೆ, ಹಲವರಿಗೆ ಏನನ್ನೂ ಕೊಡುವುದಿಲ್ಲ.

ಎರಡನೆಯ ಬ್ರೇಕು ಜಪಾನಿನಲ್ಲಿ ಸಿಕ್ಕಿತು. ಕ್ಯೋಟೋ ವಿಶ್ವವಿದ್ಯಾಲಯದ ತಸುಕು ಹೊಂಜೊ ಅವರ ತಂಡವು 1992ರಲ್ಲಿ ಪಿಡಿ-1 ಎಂಬ ಅಣುವನ್ನು ಕಂಡುಹಿಡಿಯಿತು. ಸಿಟಿಎಲ್‌ಎ-4 ದಾಳಿ ಹೊರಡುವ ಠಾಣೆಯಲ್ಲಿ, ಅಂದರೆ ದುಗ್ಧಗ್ರಂಥಿಗಳಲ್ಲಿ, ಮುಖ್ಯವಾಗಿ ಕೆಲಸ ಮಾಡಿದರೆ, ಪಿಡಿ-1 ಕದನ ನಡೆಯುವ ಸ್ಥಳದಲ್ಲಿಯೇ ಕೆಲಸ ಮಾಡುತ್ತದೆ. ಟಿ ಕೋಶವು ಶತ್ರುವನ್ನು ಗುರುತಿಸಿದಾಗ ಇಂಟರ್‌ಫೆರಾನ್ ಎಂಬ ದ್ರವ್ಯವನ್ನು ಚೆಲ್ಲುತ್ತದೆ. ಅದು ಕಾವಲಿನವರ ಕಹಳೆ. ಆ ಕಹಳೆಯನ್ನು ಕೇಳಿದ ಕ್ಯಾನ್ಸರ್ ಕೋಶವು ತನ್ನ ಮೈಮೇಲೆ ಪಿಡಿ-ಎಲ್1 ಎಂಬ ಅಣುವನ್ನು ಹೊರತರುತ್ತದೆ. ಅದು ಟಿ ಕೋಶದ ಪಿಡಿ-1ಕ್ಕೆ ತಗಲಿದೊಡನೆ ಟಿ ಕೋಶ ಸುಸ್ತಾಗಿ ನಿಂತುಬಿಡುತ್ತದೆ. ನಮ್ಮ ಅಂಗಾಂಶಗಳನ್ನು ನಮ್ಮದೇ ದಾಳಿಯಿಂದ ರಕ್ಷಿಸಿಕೊಳ್ಳಲು ದೇಹ ಮಾಡಿಕೊಂಡ ಏರ್ಪಾಡನ್ನು ಕ್ಯಾನ್ಸರು ಕದ್ದು ಬಳಸುವ ಬಗೆಯಿದು. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಎಂಬ ಪ್ರತಿಕಾಯಗಳು ಪಿಡಿ-1 ಕೊಂಡಿಯ ಮೇಲೆ ಕುಳಿತು ಈ ಸ್ಪರ್ಶವನ್ನು ತಪ್ಪಿಸುತ್ತವೆ. ಆಲಿಸನ್ ಮತ್ತು ಹೊಂಜೊ ಇಬ್ಬರಿಗೂ 2018ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಉದಾಹರಣೆ ಲೋಕವಿಖ್ಯಾತವಾದುದು. 2015ರ ಆಗಸ್ಟಿನಲ್ಲಿ, 90ರ ವಯಸ್ಸಿನಲ್ಲಿ, ತಮಗೆ ಮೆಲನೋಮ ಯಕೃತ್ತಿಗೂ ಮಿದುಳಿಗೂ ಹರಡಿದೆಯೆಂದು ಅವರೇ ಪ್ರಕಟಿಸಿದರು. ಯಕೃತ್ತಿನ ಗಡ್ಡೆಯನ್ನು ಶಸ್ತ್ರಕ್ರಿಯೆಯಿಂದ ತೆಗೆದಿದ್ದರು. ಮಿದುಳಿನ ನಾಲ್ಕು ಸಣ್ಣ ಗಡ್ಡೆಗಳಿಗೆ ವಿಕಿರಣ ಕೊಟ್ಟರು. ಜೊತೆಗೆ ಪೆಂಬ್ರೊಲಿಜುಮ್ಯಾಬ್ ಆರಂಭಿಸಿದರು. ಡಿಸೆಂಬರಿನ ಹೊತ್ತಿಗೆ ಚಿತ್ರದಲ್ಲಿ ರೋಗದ ಸುಳಿವಿರಲಿಲ್ಲ. 2016ರಲ್ಲಿ ಔಷಧ ನಿಲ್ಲಿಸಿದರು. ಅವರು ತೀರಿಕೊಂಡದ್ದು 2024ರ ಡಿಸೆಂಬರಿನಲ್ಲಿ, ನೂರು ವರ್ಷ ತುಂಬಿದ ಮೇಲೆ. ಇದನ್ನು ಚುಚ್ಚುಮದ್ದಿನ ಪವಾಡವೆಂದು ಪತ್ರಿಕೆಗಳು ಹೊಗಳಿದವು. ಶಸ್ತ್ರಕ್ರಿಯೆ ಮತ್ತು ವಿಕಿರಣಗಳ ಪಾಲೂ ಅದರಲ್ಲಿತ್ತು. ಅಲ್ಲದೆ ಮೆಲನೋಮವು ಈ ಚಿಕಿತ್ಸೆಗೆ ಮಣಿಯುವ ರೋಗಗಳಲ್ಲಿ ಮುಂಚೂಣಿಯದು. ಬಿಸಿಲಿನ ಪೆಟ್ಟಿನಿಂದ ಅದರ ವಂಶವಾಹಿಗಳಲ್ಲಿ ಅಪಾರ ತಪ್ಪುಗಳಿರುತ್ತವೆ, ತಪ್ಪು ಹೆಚ್ಚಿದಷ್ಟೂ ಮುಂಗಟ್ಟಿನಲ್ಲಿ ಅಪರಿಚಿತ ಚೂರುಗಳು ಹೆಚ್ಚು. ಗುರುತಿಸಿದ ಟಿ ಕೋಶವೇ ಇಲ್ಲದ ಗಡ್ಡೆಯಲ್ಲಿ ಬ್ರೇಕು ಸಡಿಲಿಸಿ ಫಲವಿಲ್ಲ; ನಿಂತ ಗಾಡಿಯೇ ಇಲ್ಲದಲ್ಲಿ ಬ್ರೇಕಿನ ಮಾತೆಲ್ಲಿ?

ಈಗ ನಮ್ಮ ಓದುಗರ ತೀರ್ಥರೂಪರ ರೋಗಕ್ಕೆ ನೇರವಾಗಿ ಸಂಬಂಧಿಸಿದ ವಿಷಯ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕತ್ತಿನ ಕ್ಯಾನ್ಸರು ಗುಣಪಡಿಸಲಾಗದ ಹಂತಕ್ಕೆ ತಲುಪಿದ 151 ರೋಗಿಗಳಲ್ಲಿ ಒಂದು ಪರೀಕ್ಷೆ ನಡೆಸಿ 2022ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಬಾಯಿಯಿಂದ ನುಂಗುವ ಮೂರು ಅಗ್ಗದ ಔಷಧಗಳು. ಇನ್ನೊಂದು ಗುಂಪಿಗೆ ಅವುಗಳ ಜೊತೆ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್. ವಾಡಿಕೆಯ ಪ್ರಮಾಣವು ಎರಡು ವಾರಕ್ಕೆ 240 ಮಿಲಿಗ್ರಾಂ. ಅಲ್ಪ ಪ್ರಮಾಣದಲ್ಲಿಯೇ ಪಿಡಿ-1 ಕೊಂಡಿಗಳ ಬಹುಪಾಲು ಮುಚ್ಚಿಹೋಗುತ್ತವೆ ಎಂಬುದು ಅವರ ಆಲೋಚನೆಗೆ ಆಧಾರ. ಒಂದು ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 16 ಜನ ಬದುಕಿದ್ದರೆ, ಎರಡನೆಯದರಲ್ಲಿ ಸುಮಾರು 43. ಅಲ್ಪ ಪ್ರಮಾಣವನ್ನು ಪೂರ್ಣ ಪ್ರಮಾಣದೊಡನೆ ಈ ಪರೀಕ್ಷೆ ಹೋಲಿಸಲಿಲ್ಲ. ಔಷಧ ಪಡೆದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನ ವರ್ಷದೊಳಗೆ ತೀರಿಕೊಂಡರೆಂಬುದನ್ನೂ ಮುಚ್ಚಿಡಬಾರದು. ಆದರೂ ಹೊಲ ಮಾರುವ ಮುನ್ನ ವೈದ್ಯರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ: “ಅಲ್ಪ ಪ್ರಮಾಣದ ವಿಧಾನವು ನಮ್ಮ ತಂದೆಯವರಿಗೆ ಹೊಂದುತ್ತದೆಯೇ?” ಎಷ್ಟು ಬಾರಿ ಕೊಟ್ಟ ಮೇಲೆ ಪರಿಶೀಲಿಸುವಿರಿ, ಫಲ ಕಾಣದಿದ್ದರೆ ಯಾವಾಗ ನಿಲ್ಲಿಸುವಿರಿ ಎಂಬುದು ಎರಡನೆಯದು. ಕೊನೆಮೊದಲಿಲ್ಲದೆ ಸಾಲ ಮಾಡಿ ಮುಂದುವರಿಸುವುದು ಹಿರಿಯರ ಮೇಲಿನ ಭಕ್ತಿಯೆಂದು ನಾವು ಭಾವಿಸುವುದಿಲ್ಲ.

ಒಂದು ಮಾತು ಇಲ್ಲಿಯೇ ಹೇಳಿಬಿಡುವುದು ಉಚಿತ. “ನಿರೋಧಶಕ್ತಿ ಹೆಚ್ಚಿಸುವ” ಪುಡಿ, ಕಷಾಯ, ಲೇಹ್ಯಗಳನ್ನು ಮಾರುವವರು ಈ ಚಿಕಿತ್ಸೆಯ ಹೆಸರನ್ನು ಬಳಸಿಕೊಳ್ಳುವುದುಂಟು. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಟಿ ಕೋಶವು ದುರ್ಬಲವಾಗಿರುವುದಲ್ಲ ಇಲ್ಲಿನ ತೊಂದರೆ, ಅದನ್ನು ಒಂದು ನಿರ್ದಿಷ್ಟ ಅಣು ಹಿಡಿದು ನಿಲ್ಲಿಸಿದೆ. ಪುಡಿಯು ಆ ಹಿಡಿತವನ್ನು ಬಿಡಿಸಲಾರದು.

ಬ್ರೇಕು ಇರುವುದು ಸುಮ್ಮನೆ ಅಲ್ಲ. 1995ರಲ್ಲಿ ಸಿಟಿಎಲ್‌ಎ-4 ಇಲ್ಲದಂತೆ ಹುಟ್ಟಿಸಿದ ಇಲಿಮರಿಗಳು ಮೂರು ನಾಲ್ಕು ವಾರಗಳಲ್ಲಿ ಸತ್ತವು. ಅವುಗಳ ಟಿ ಕೋಶಗಳು ಹೃದಯ, ಮೇದೋಜೀರಕ ಮೊದಲಾದ ಸ್ವಂತ ಅಂಗಗಳೊಳಗೇ ನುಗ್ಗಿದ್ದವು. ಔಷಧದಿಂದ ಬ್ರೇಕು ಸಡಿಲಿಸಿದಾಗಲೂ ಇದರ ಸಣ್ಣ ರೂಪವು ಸಂಭವಿಸಬಹುದು. ದೊಡ್ಡ ಕರುಳಿನ ಮೇಲೆ ದಾಳಿಯಾದರೆ ಭೇದಿ; ಶ್ವಾಸಕೋಶದ ಮೇಲಾದರೆ ಒಣಕೆಮ್ಮು ಮತ್ತು ಉಸಿರುಕಟ್ಟುವಿಕೆ; ಥೈರಾಯ್ಡ್ ಗ್ರಂಥಿಯ ಮೇಲಾದರೆ ಅತಿಯಾದ ಆಯಾಸ, ಚಳಿ ತಡೆಯಲಾಗದಿರುವುದು; ಅಪರೂಪಕ್ಕೆ ಹೃದಯದ ಸ್ನಾಯುವಿನ ಮೇಲಾದರೆ ಪ್ರಾಣಾಪಾಯ. ಕಸಿ ಮೂತ್ರಪಿಂಡ ಪಡೆದವರಲ್ಲಿ ಆ ಅಂಗವೇ ತಿರಸ್ಕೃತವಾಗಬಹುದು. ಆದುದರಿಂದ ಕಸಿಯಾಗಿದ್ದರೆ, ಕೀಲುವಾತ ಅಥವಾ ಅಂಥದೇ ಸ್ವಯಂದಾಳಿಯ ಕಾಯಿಲೆಯಿದ್ದರೆ ಮೊದಲೇ ತಿಳಿಸಬೇಕು.

ಇವು ಚುಚ್ಚುಮದ್ದು ಕೊಟ್ಟ ದಿನವೇ ಬರುವುದಿಲ್ಲ. ವಾರಗಳ, ತಿಂಗಳುಗಳ ನಂತರ, ಚಿಕಿತ್ಸೆ ಮುಗಿದ ಮೇಲೆಯೂ ಬರಬಹುದು. ನಮ್ಮ ಕಡೆ ಎಡವಟ್ಟಾಗುವುದು ಇಲ್ಲಿಯೇ. ರೋಗಿಗೆ ದಿನಕ್ಕೆ ಆರೇಳು ಬಾರಿ ಭೇದಿಯಾದರೆ ಊಟದ ದೋಷವೆಂದು ತಿಳಿದು ಔಷಧದಂಗಡಿಯಿಂದ ಭೇದಿ ಕಟ್ಟುವ ಮಾತ್ರೆ ತಂದು ಕೊಡುತ್ತಾರೆ. ಭೇದಿ ಒಂದೆರಡು ದಿನ ನಿಲ್ಲುತ್ತದೆ. ಕರುಳಿನ ಉರಿ ನಿಲ್ಲುವುದಿಲ್ಲ. ಅದು ತೂತುಬೀಳುವ ಹಂತಕ್ಕೂ ಹೋಗಬಹುದು. ಸರಿಯಾದ ಚಿಕಿತ್ಸೆಯೆಂದರೆ ಸ್ಟೀರಾಯ್ಡ್ ಔಷಧದಿಂದ ಟಿ ಕೋಶಗಳನ್ನು ಬೇಗ ತಣ್ಣಗಾಗಿಸಿ, ಆನಂತರ ಹಲವು ವಾರಗಳಲ್ಲಿ ಅದನ್ನು ನಿಧಾನವಾಗಿ ಇಳಿಸುವುದು. ಥೈರಾಯ್ಡಿಗೆ ಬಂದ ಹಾನಿ ಮಾತ್ರ ಸಾಮಾನ್ಯವಾಗಿ ಮರಳಿ ಸರಿಹೋಗುವುದಿಲ್ಲ. ಮಾತ್ರೆ ನುಂಗುತ್ತ ಇರಬೇಕಾಗುತ್ತದೆ. ಆದುದರಿಂದ ಔಷಧದ ಹೆಸರು, ಕೊಟ್ಟ ದಿನಾಂಕ ಮತ್ತು ಕ್ಯಾನ್ಸರ್ ವೈದ್ಯರ ದೂರವಾಣಿ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ರೋಗಿಯ ಜೇಬಿನಲ್ಲಿರಿಸಿರಿ. ನಡುರಾತ್ರಿ ಉಸಿರುಕಟ್ಟಿ ತಾಲ್ಲೂಕು ಆಸ್ಪತ್ರೆಗೆ ಒಯ್ದಾಗ, ಅಲ್ಲಿನ ಯುವ ವೈದ್ಯರು ನ್ಯುಮೋನಿಯಾ ಎಂದು ತಿಳಿಯದೆ ಟಿ ಕೋಶಗಳ ದಾಳಿಯನ್ನೂ ಶಂಕಿಸಲು ಆ ಚೀಟಿಯೊಂದೇ ಆಧಾರವಾಗಬಹುದು.